ಕ್ವಾರ್ಟರ್‌ಮಾಸ್ಟರ್ ಅಂದರೆ ಕಂಪನಿಯವರಿಗೆ ಏನು ಅರ್ಥವಾಗಬೇಕು?

ಕೇಳಿದವರು: ನಿವೃತ್ತ ಲೆಫ್ಟಿನೆಂಟ್ ಕರ್ನಲ್, ಬೆಂಗಳೂರು

ಇನ್‌ಫೆಂಟ್ರಿಯಲ್ಲಿ 22 ವರ್ಷ ಇದ್ದೆ. ಅವಧಿಗೆ ಮುಂಚೆ ನಿವೃತ್ತಿ ತಗೊಂಡು ಐದು ತಿಂಗಳಾಯಿತು. ಅಡ್ಮಿನ್ ಕೆಲಸಕ್ಕೆ ಮೂವತ್ತಕ್ಕೂ ಜಾಸ್ತಿ ಮೇಲ್ ಕಳಿಸಿದ್ದೇನೆ. ಉತ್ತರ ಬಂದಿದ್ದು ಎರಡೇ, ಎರಡೂ ಸೆಕ್ಯುರಿಟಿ ಆಫೀಸರ್ ಕೆಲಸಕ್ಕೆ. ನನ್ನ ಮೇಲ್ ಶುರುವಾಗುವುದು ಹೀಗೆ: "ಎರಡು ದಶಕಗಳ ವಿಶಿಷ್ಟ ಸೇವೆಯಲ್ಲಿ ಹೈ ಆಲ್ಟಿಟ್ಯೂಡ್‌ನಲ್ಲಿ ರೈಫಲ್ ಕಂಪನಿಯ ಕಮಾಂಡ್, ಕ್ಯೂಎಂ, ಟೂಐಸಿ, ಬ್ರಿಗೇಡ್‌ನಲ್ಲಿ ಡಿಕ್ಯೂ ಹುದ್ದೆಗಳನ್ನು ನಿಭಾಯಿಸಿದ್ದೇನೆ." ಈಗ ವೈಟ್‌ಫೀಲ್ಡ್ ಕಡೆ ಒಂದು ಕಂಪನಿ ಅಡ್ಮಿನ್ ಮ್ಯಾನೇಜರ್ ಬೇಕು ಅಂತ ಹಾಕಿದೆ. ಹೌಸ್‌ಕೀಪಿಂಗ್, ಕ್ಯಾಂಟೀನ್, ನೌಕರರ ಕ್ಯಾಬ್, ಎರಡು ಆಫೀಸುಗಳನ್ನು ಒಂದೇ ಕಟ್ಟಡಕ್ಕೆ ಸಾಗಿಸುವುದು ಎಲ್ಲ ಪಟ್ಟಿಯಲ್ಲಿದೆ. ಮೇಲ್ ಹೇಗೆ ಬರೆಯಲಿ?

ನಿವೃತ್ತ ಮೇಜರ್, ಮೈಸೂರು

ಜೈ ಹಿಂದ್ ಸರ್. ನಾನು ಶಾರ್ಟ್ ಸರ್ವಿಸ್ ಮುಗಿಸಿ ಬಂದವನು, ಈಗ ಕಾರ್ಪೊರೇಟ್‌ನಲ್ಲಿ ಎಂಟು ವರ್ಷ ಆಯಿತು. ಮೊದಲು ಆ ಚುಟುಕು ಹೆಸರುಗಳನ್ನೆಲ್ಲ ತೆಗೆಯಿರಿ. ಡಿಕ್ಯೂ ಅಂದರೆ ಬ್ರಿಗೇಡ್‌ನ ಆಡಳಿತ, ಸರಬರಾಜು ನೋಡುವ ಅಧಿಕಾರಿ ಅಂತ ಹೊರಗೆ ಒಬ್ಬರಿಗೂ ಗೊತ್ತಿಲ್ಲ. ಅದರ ಬದಲು ನೇರವಾಗಿ ಕಂಪನಿಯ ಹುದ್ದೆ ಬರೆಯಿರಿ. ಪಲ್ಟನ್ ಮುಖ್ಯಸ್ಥ ಸಿಒ ಅಂದರೆ ಸಿಇಒ, ಅವರ ನಂತರದ ಟೂಐಸಿ ಅಂದರೆ ಸಿಒಒ, ಕ್ವಾರ್ಟರ್‌ಮಾಸ್ಟರ್ ಅಂದರೆ ಕ್ಯೂಎಂ ಸಪ್ಲೈ ಚೈನ್ ಹೆಡ್. ರೇಷನ್, ಗಾಡಿ, ಬಟ್ಟೆ ಎಲ್ಲದರ ಬೆಲೆ ಕೂಡಿಸಿ, ಇಷ್ಟು ಕೋಟಿ ಬಜೆಟ್ ನಿಭಾಯಿಸಿದೆ ಅಂತ ಹಾಕಿ. ರ‍್ಯಾಂಕ್ ತೆಗೆದುಬಿಡಿ. ಅದನ್ನು ನೋಡಿದರೆ ಅವರಿಗೆ ಹೆದರಿಕೆ.

ಅಡ್ಮಿನ್ ವಿಭಾಗದಲ್ಲಿ 19 ವರ್ಷ, ಬೆಂಗಳೂರು

ಮೇಜರ್ ಸರ್ ಹೇಳಿದ ಮೊದಲ ಮಾತು ಸರಿ. ಎರಡನೆಯದಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಇಂಥ ಮೇಲ್‌ಗಳನ್ನು ಓದುವ ಕಡೆ ಕೂತವಳು.

ಟೂಐಸಿ ಅಂದರೆ ಸಿಒಒ ಅಂತ ಬರೆದವರನ್ನು ಸಂದರ್ಶನಕ್ಕೆ ಕರೆದಾಗ ನಾನು ಕೇಳುವ ಮೊದಲ ಪ್ರಶ್ನೆ: ನಿಮ್ಮ ಕೈಯಲ್ಲಿ ಲಾಭ ನಷ್ಟದ ಲೆಕ್ಕ ಇತ್ತಾ? ಪಲ್ಟನ್‌ಗೆ ಲಾಭ ನಷ್ಟ ಇರುವುದಿಲ್ಲ. ಅಲ್ಲಿಗೆ ಮಾತು ನಿಂತುಹೋಗುತ್ತದೆ. ರೇಷನ್ ಬೆಲೆ ಕೂಡಿಸುವುದೂ ಅಷ್ಟೇ. ರೇಷನ್ ಸೇನೆಯ ಸರಬರಾಜು ವಿಭಾಗವಾದ ಎಎಸ್‌ಸಿಯ ಸಪ್ಲೈ ಡಿಪೊದಿಂದ ವಸ್ತುವಾಗಿ ಬರುತ್ತದೆ. ಕ್ವಾರ್ಟರ್‌ಮಾಸ್ಟರ್ ಅದನ್ನು ಖರೀದಿ ಮಾಡುವುದಿಲ್ಲ. ಬೇಡಿಕೆ ಕಳಿಸುತ್ತಾರೆ, ತೂಕ ನೋಡಿ ಇಳಿಸಿಕೊಳ್ಳುತ್ತಾರೆ, ಹಂಚುತ್ತಾರೆ, ಲೆಡ್ಜರ್‌ಗೆ ಏರಿಸುತ್ತಾರೆ. ಅದು ದಾಸ್ತಾನಿನ ಕೆಲಸ. ದೊಡ್ಡ ಕೆಲಸವೇ, ಆದರೆ ಅದನ್ನು ಬಜೆಟ್ ಅನ್ನಬಾರದು. ನಿಮ್ಮ ಸಹಿಯಿಂದ ವರ್ಷಕ್ಕೆ ಎಷ್ಟು ಹಣ ಹೊರಗೆ ಹೋಗುತ್ತಿತ್ತೋ ಅಷ್ಟನ್ನು ಮಾತ್ರ ಬರೆಯಿರಿ. ಅದು ಸಣ್ಣ ಮೊತ್ತ ಆದರೂ ಪರವಾಗಿಲ್ಲ. ಬಿಡಿಸಿ ಕೇಳಿದರೆ ಉತ್ತರ ಇರುತ್ತದಲ್ವಾ.

ನಿಮಗೆ ಸೆಕ್ಯುರಿಟಿ ಕೆಲಸಗಳೇ ಯಾಕೆ ಬರುತ್ತಿವೆ ಅನ್ನುವುದೂ ಆ ಮೊದಲ ಸಾಲಿನಲ್ಲೇ ಇದೆ. ಓದುವವರಿಗೆ ಅದರಲ್ಲಿ ಅರ್ಥವಾಗುವುದು ಮೂರೇ ಪದ: ಹೈ ಆಲ್ಟಿಟ್ಯೂಡ್, ರೈಫಲ್, ಕಮಾಂಡ್. ಕ್ಯೂಎಂ, ಡಿಕ್ಯೂ ಎರಡೂ ಅವರಿಗೆ ಬರೀ ಅಕ್ಷರ. ಆದರೆ ಅಡ್ಮಿನ್ ಕೆಲಸ ಪೂರ್ತಿ ಇರುವುದು ಆ ಎರಡು ಪದಗಳ ಒಳಗೆ. ಹಾಗಾಗಿ ರೈಫಲ್ ಕಂಪನಿಯನ್ನು ರೆಸ್ಯೂಮೆಗೆ ಬಿಡಿ. ಮೇಲ್‌ನಲ್ಲಿ ಕ್ಯೂಎಂ ಆಗಿದ್ದಾಗಿನ ಒಂದು ಕೆಲಸ ಹೇಳಿ.

ಯಾವ ಕೆಲಸ ಅಂದರೆ, ಆ ಜಾಹೀರಾತಿನಲ್ಲಿ ಅವರಿಗೆ ನಿಜವಾಗಿ ತಲೆನೋವಾಗಿರುವುದು ಯಾವುದೋ ಅದು. ಹೌಸ್‌ಕೀಪಿಂಗ್, ಕ್ಯಾಂಟೀನ್ ಹೇಗೋ ನಡೆಯುತ್ತಿರುತ್ತವೆ. ಆಫೀಸು ಸಾಗಿಸುವುದು ಮಾತ್ರ ಹೊಸದು. ನೀವು ಕ್ಯೂಎಂ ಆಗಿದ್ದಾಗ ಪಲ್ಟನ್ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಹೋಗಿತ್ತಾ? ಹೋಗಿದ್ದರೆ ವಿವರ ಹೇಳಿ ಸರ್.

ನಿವೃತ್ತ ಸುಬೇದಾರ್, ಹಾಸನ

ಸಾಬ್, ಮೇಲ್ ಯಾಕೆ ಕಳಿಸುತ್ತಾ ಕೂರುತ್ತೀರಿ? ಮಾಜಿ ಸೈನಿಕರ ಪುನರ್ವಸತಿ ನೋಡುವ ಡಿಜಿಆರ್‌ನಲ್ಲಿ ನೋಂದಾಯಿಸಿ ಸೆಕ್ಯುರಿಟಿ ಏಜೆನ್ಸಿ ತೆಗೆಯಿರಿ. ನಮ್ಮ ಸಿಒ ಸಾಹೇಬರು ಅದನ್ನೇ ಮಾಡಿದರು, ಅವರ ಕೈಕೆಳಗೆ ನಾನು ನಾಲ್ಕು ವರ್ಷ ಸೂಪರ್‌ವೈಸರ್ ಆಗಿದ್ದೆ. ಸಂಬಳ ಒಂದು ತಿಂಗಳೂ ತಪ್ಪಲಿಲ್ಲ. ಇನ್ನೊಂದು ಮಾತು, ನನ್ನ ಮಗ ಕ್ಲರ್ಕ್ ಟ್ರೇಡ್‌ನಲ್ಲಿ ಹವಾಲ್ದಾರ್, ಮುಂದಿನ ವರ್ಷ ಬರುತ್ತಾನೆ. ಅವನೂ ಹೀಗೇ ಮೇಲ್ ಬರೆಯಬೇಕಾ?

ಅಡ್ಮಿನ್ ವಿಭಾಗದಲ್ಲಿ 19 ವರ್ಷ, ಬೆಂಗಳೂರು

ಸುಬೇದಾರ್ ಸಾಹೇಬರೇ, ಇವರು ಕೇಳಿದ್ದು ನೌಕರಿಗೆ, ಏಜೆನ್ಸಿಗೆ ಅಲ್ಲ. ನಿಮ್ಮ ಮಗ ಮಾತ್ರ ಖಂಡಿತ ಬರೆಯಲಿ. ಕಚೇರಿಯಲ್ಲಿ ಯಾವ ರಿಜಿಸ್ಟರ್, ಎಷ್ಟು ಜನರ ರಜೆ ಮತ್ತು ಸಂಬಳದ ಕಾಗದ ನೋಡುತ್ತಿದ್ದ ಅನ್ನುವುದೇ ಅವನ ಮೊದಲ ಸಾಲು.

ಕೇಳಿದವರು

ಮೇಡಂ, ಪಲ್ಟನ್ ಹೋಗಿತ್ತು. ಸುಮಾರು 800 ಜನ, 60 ಗಾಡಿ, ಹತ್ತಿರ ಹತ್ತಿರ ಎರಡು ಸಾವಿರ ಕಿಲೋಮೀಟರ್. ಮುಂಚೆಯೇ ಅಡ್ವಾನ್ಸ್ ಪಾರ್ಟಿ ಹೋಗಿ ಹೊಸ ಜಾಗ ವಹಿಸಿಕೊಂಡಿತು. ನಂತರ ಮುಖ್ಯ ತಂಡ ಮಿಲಿಟರಿ ಸ್ಪೆಷಲ್ ರೈಲಿನಲ್ಲಿ ಹೋಯಿತು. ರಿಯರ್ ಪಾರ್ಟಿ ಹಿಂದೆ ಉಳಿದು ಹಳೆ ಬ್ಯಾರಕ್‌ಗಳನ್ನು ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುವ ಎಂಇಎಸ್‌ಗೆ ಒಪ್ಪಿಸಿತು. ಒಟ್ಟು 40 ದಿನ. ಒಪ್ಪಿಸುವಾಗ ಒಂದೊಂದು ಕೋಣೆಗೂ ಹೋಗಿ ಫ್ಯಾನ್, ಕಿಟಕಿ ಗಾಜು, ನಲ್ಲಿ ಎಣಿಸುತ್ತಾರೆ. ಕಮ್ಮಿ ಇದ್ದರೆ ಬ್ಯಾರಕ್ ಡ್ಯಾಮೇಜ್ ಅಂತ ನಮ್ಮಿಂದಲೇ ವಸೂಲಿ. ನಾನು ಎರಡು ತಿಂಗಳು ಮುಂಚೆಯೇ ನಮ್ಮವರನ್ನು ಕಳಿಸಿ ಎಣಿಸಿಸಿದ್ದೆ, ರಿಪೇರಿ ಮಾಡಿಸಿದ್ದೆ. ಕೊನೆಗೆ ಕಟ್ಟಿದ್ದು 18 ಸಾವಿರ ರೂಪಾಯಿ. ಇದನ್ನೆಲ್ಲ ಕಂಪನಿಗೆ ಹೇಳುವುದಾ?

ಅಡ್ಮಿನ್ ವಿಭಾಗದಲ್ಲಿ 19 ವರ್ಷ, ಬೆಂಗಳೂರು

ಇದನ್ನೇ ಹೇಳಬೇಕು! ಬಾಡಿಗೆ ಆಫೀಸು ಖಾಲಿ ಮಾಡುವಾಗ ನಮಗೂ ಇದೇ ಆಗುತ್ತದೆ. ಕಟ್ಟಡದವರು ಬಂದು ಕೋಣೆ ಕೋಣೆ ನೋಡುತ್ತಾರೆ. ಫಾಲ್ಸ್ ಸೀಲಿಂಗ್‌ನ ಹಲಗೆ, ಕಾರ್ಪೆಟ್ ಕಲೆ, ನಾವು ಹಾಕಿಸಿದ ಗಾಜಿನ ಕ್ಯಾಬಿನ್, ನೆಲಕ್ಕೆ ಕೊರೆದ ತೂತು, ಎಲ್ಲ ಪಟ್ಟಿ ಮಾಡಿ ಡಿಪಾಸಿಟ್‌ನಿಂದ ಹಿಡಿದುಕೊಳ್ಳುತ್ತಾರೆ. ಒಮ್ಮೆ ನಾವು ಖಾಲಿ ಮಾಡುವ ವಾರದಲ್ಲಿ ಆ ಪಟ್ಟಿ ಕೈಗೆ ಬಂತು. ರಿಪೇರಿಗೆ ಸಮಯವೇ ಇರಲಿಲ್ಲ. ಡಿಪಾಸಿಟ್‌ನ ದೊಡ್ಡ ಪಾಲು ಹೋಯಿತು. ನೀವು ಎರಡು ತಿಂಗಳು ಮುಂಚೆ ಎಣಿಸಿಸಿದ್ದು ಅಂದಿರಲ್ಲ, ಆ ಒಂದು ಮಾತಿಗೆ ನಾನಾದರೆ ಅವತ್ತೇ ಫೋನ್ ಮಾಡುತ್ತಿದ್ದೆ.

ಬರೆಯುವಾಗ ಅಡ್ವಾನ್ಸ್ ಪಾರ್ಟಿ, ರಿಯರ್ ಪಾರ್ಟಿ ಅನ್ನಬೇಡಿ. ಹೊಸ ಜಾಗ ವಹಿಸಿಕೊಳ್ಳುವ ತಂಡ, ಹಳೆ ಜಾಗ ಒಪ್ಪಿಸುವ ತಂಡ ಅನ್ನಿ. ಎಂಇಎಸ್ ಅಂದರೆ ಕಟ್ಟಡ ನೋಡಿಕೊಳ್ಳುವ ಸಂಸ್ಥೆ. ಬ್ಯಾರಕ್ ಡ್ಯಾಮೇಜ್ ಅಂದರೆ ಹಾನಿಗೆ ಹಿಡಿದ ಮೊತ್ತ. ಅಷ್ಟೇ. ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ಮೇಲ್ ಇಂಗ್ಲಿಷ್‌ನಲ್ಲೇ ಹೋಗಬೇಕು, ಆದರೆ ಮೊದಲು ಹೀಗೆ ನಮ್ಮ ಮಾತಿನಲ್ಲಿ ಹೇಳಿಕೊಂಡರೆ ಸುಮ್ನೆ ದೊಡ್ಡ ದೊಡ್ಡ ಪದ ನುಸುಳುವುದಿಲ್ಲ.

ಒಂದು ಕಡೆ ಎಚ್ಚರ. ಪಲ್ಟನ್‌ನಲ್ಲಿ ಹೇಳಿದರೆ ಕೆಲಸ ಆಗುತ್ತದೆ. ಇಲ್ಲಿ ಹೌಸ್‌ಕೀಪಿಂಗ್ ಹುಡುಗರು, ಡ್ರೈವರ್‌ಗಳು ನಮ್ಮ ನೌಕರರೇ ಅಲ್ಲ, ಏಜೆನ್ಸಿಯವರು. ಅವರ ಮೇಲೆ ನಮ್ಮ ಹಿಡಿತ ಅಂದರೆ ಕರಾರು ಮತ್ತು ತಿಂಗಳ ಬಿಲ್. ಹಾಜರಿ ತಾಳೆ ನೋಡಬೇಕು, ಆ ಹುಡುಗರ ಪಿಎಫ್, ಇಎಸ್‌ಐ ಕಟ್ಟಿದ ಚಲನ್ ನೋಡಬೇಕು, ಆಮೇಲೆ ಬಿಲ್ ಪಾಸ್. ಇದು ನಿಮಗೆ ಬರುತ್ತದಾ ಅಂತ ಅವರಿಗೆ ಅನುಮಾನ ಇದ್ದೇ ಇರುತ್ತದೆ. ಡಿಕ್ಯೂ ಆಗಿದ್ದಾಗ ಗುತ್ತಿಗೆ ಕೆಲಸ ಏನಾದರೂ ನೋಡಿದ್ದೀರಾ?

ಕೇಳಿದವರು

ಸ್ಟೇಷನ್‌ನ ಕನ್ಸರ್ವೆನ್ಸಿ ಗುತ್ತಿಗೆ ನನ್ನ ಬಳಿ ಇತ್ತು. 46 ಜನ ಸಫಾಯಿ ಕೆಲಸಗಾರರು. ಎರಡು ಸಲ ಹಾಜರಿ ತಾಳೆಯಾಗದೆ ಬಿಲ್ ಕಡಿತ ಮಾಡಿದ್ದೆ.

ಅಡ್ಮಿನ್ ವಿಭಾಗದಲ್ಲಿ 19 ವರ್ಷ, ಬೆಂಗಳೂರು

ಇದು ಎರಡನೇ ಪ್ಯಾರಾ. ಕನ್ಸರ್ವೆನ್ಸಿ ಅನ್ನಬೇಡಿ, ಹೌಸ್‌ಕೀಪಿಂಗ್ ಗುತ್ತಿಗೆ ಅನ್ನಿ.

ನೇಮಕಾತಿ ಮಾಡುವವನು, ಹುಬ್ಬಳ್ಳಿ

ನನ್ನ ಕೆಲಸವೇ ಮೇಲ್ ಸೋಸುವುದು. ಜಾಸ್ತಿ ಮೇಲ್‌ಗಳನ್ನು ಫೋನ್‌ನಲ್ಲೇ ನೋಡುತ್ತೇನೆ. ತೆರೆಯುವ ಮುಂಚೆ ಕಾಣುವುದು ವಿಷಯದ ಸಾಲು, ಮೊದಲ ವಾಕ್ಯದ ತುಣುಕು. ಅಲ್ಲಿ "ಗೌರವಾನ್ವಿತರೇ, ತಮ್ಮ ಸಂಸ್ಥೆಯಲ್ಲಿ" ಅಂತ ಇದ್ದರೆ ಆ ಜಾಗ ದಂಡ. "ತಕ್ಷಣ ಸೇರಬಹುದು" ಅಂತ ವಿಷಯದ ಸಾಲಲ್ಲೇ ಹಾಕಿ ಸರ್. ಬೇರೆ ಅಭ್ಯರ್ಥಿಗಳು ನೋಟಿಸ್ ಅವಧಿ ಮುಗಿಯಬೇಕು ಅಂತ ಕಾಯಿಸುತ್ತಾರೆ, ನಿಮಗೆ ಆ ತೊಡಕಿಲ್ಲ. ಪೆನ್ಷನ್ ವಿಷಯ ಮಾತ್ರ ಎತ್ತಬೇಡಿ. ಸಂಬಳ ಕಮ್ಮಿ ಕೊಟ್ಟರೂ ನಡೆಯುತ್ತದೆ ಅಂತ ಕೆಲವರು ಲೆಕ್ಕ ಹಾಕುತ್ತಾರೆ.

ಸೇನಾಧಿಕಾರಿಯ ಪತ್ನಿ, ಮಡಿಕೇರಿ

ನನ್ನ ಯಜಮಾನರು ಮೇಲ್‌ನಲ್ಲಿ ಪಲ್ಟನ್ ಹೆಸರು, ಊರು, ಇಸವಿ ಮೂರೂ ಹಾಕಿದ್ದರು. ಅವರ ಹಳೆ ಸಿಒ ನೋಡಿ ಬೈದರು. ಯಾವ ಪಲ್ಟನ್ ಯಾವಾಗ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದು ಗೊತ್ತಿಲ್ಲದವರ ಇನ್‌ಬಾಕ್ಸ್‌ನಲ್ಲಿ ಬಿದ್ದಿರಬಾರದು ಅಲ್ವಾ. ದೂರ, ಜನ, ದಿನ ಇಷ್ಟು ಸಾಕು.

ಕೇಳಿದವರು

ಎಲ್ಲರ ಮಾತು ಸೇರಿಸಿ ತಿದ್ದಿದ್ದೇನೆ. ಸಾರ ಹೀಗಿದೆ.

ವಿಷಯ: ಅಡ್ಮಿನ್ ಮ್ಯಾನೇಜರ್ ಹುದ್ದೆ: 800 ಜನರ ಸ್ಥಳಾಂತರದ ಅನುಭವ, ತಕ್ಷಣ ಸೇರಬಹುದು

"ನಿಮ್ಮ ಎರಡು ಆಫೀಸುಗಳನ್ನು ಒಂದೇ ಕಟ್ಟಡಕ್ಕೆ ತರುವುದಿದೆ ಎಂದು ಓದಿದೆ. ಸೇನೆಯಲ್ಲಿ ಅಂಥ ಒಂದು ಸ್ಥಳಾಂತರವನ್ನು ಯೋಜಿಸಿ ನಡೆಸಿದ್ದೇನೆ: ಸುಮಾರು 800 ಜನ, 60 ವಾಹನ, ಎರಡು ಸಾವಿರ ಕಿಲೋಮೀಟರ್, 40 ದಿನ. ಹಳೆ ಕಟ್ಟಡಗಳನ್ನು ಎರಡು ತಿಂಗಳು ಮುಂಚೆಯೇ ಪರಿಶೀಲಿಸಿ ರಿಪೇರಿ ಮಾಡಿಸಿದ್ದರಿಂದ, ಒಪ್ಪಿಸುವಾಗ ಹಾನಿಗೆ ಕಟ್ಟಿದ್ದು 18 ಸಾವಿರ ರೂಪಾಯಿ ಮಾತ್ರ.

ಅದೇ ಹುದ್ದೆಯಲ್ಲಿ 27 ತಿಂಗಳು ವಸತಿ, ಅಡುಗೆಮನೆ, ವಾಹನ, ದಾಸ್ತಾನು ನೋಡಿಕೊಂಡೆ. ವರ್ಷಕ್ಕೆ ಸುಮಾರು 35 ಲಕ್ಷ ರೂಪಾಯಿಯ ಸ್ಥಳೀಯ ಖರೀದಿ ನನ್ನ ಸಹಿಯಲ್ಲಿತ್ತು. ನಂತರ 46 ಕೆಲಸಗಾರರ ಹೌಸ್‌ಕೀಪಿಂಗ್ ಗುತ್ತಿಗೆಯ ಹಾಜರಿ ಮತ್ತು ಬಿಲ್ ತಾಳೆ ನೋಡಿದ್ದೇನೆ.

ಕ್ಯಾಬ್ ಗುತ್ತಿಗೆ ನನಗೆ ಹೊಸದು. ನಿಮ್ಮ ಈಗಿನ ವ್ಯವಸ್ಥೆ ನೋಡಿ ಕಲಿಯಲು ಸಿದ್ಧ. ಈ ವಾರ ಯಾವ ದಿನವಾದರೂ ಬಂದು ಭೇಟಿಯಾಗಬಲ್ಲೆ."

ಕೆಳಗೆ ರ‍್ಯಾಂಕ್, ಹೆಸರು, ನಿವೃತ್ತ.

ನಿವೃತ್ತ ಮೇಜರ್, ಮೈಸೂರು

ಬಜೆಟ್ ವಿಷಯದಲ್ಲಿ ಮೇಡಂ ಹೇಳಿದ್ದೇ ಸರಿ, ಒಪ್ಪಿದೆ. ನನ್ನ ರೆಸ್ಯೂಮೆಯಲ್ಲೂ ಆ ಕೋಟಿಯ ಸಾಲು ಇದೆ, ಇವತ್ತೇ ತೆಗೆಯುತ್ತೇನೆ. ರ‍್ಯಾಂಕ್ ಮಾತ್ರ ಬೇಡ ಅಂತಲೇ ನನ್ನ ಅಭಿಪ್ರಾಯ ಸರ್. ಕ್ಯಾಬ್ ಸಾಲನ್ನೂ ಬಿಡಿ. ಗೊತ್ತಿಲ್ಲ ಅಂತ ನಾವೇ ಯಾಕೆ ಹೇಳಿಕೊಳ್ಳಬೇಕು?

ಅಡ್ಮಿನ್ ವಿಭಾಗದಲ್ಲಿ 19 ವರ್ಷ, ಬೆಂಗಳೂರು

ಕ್ಯಾಬ್ ಸಾಲು ಇರಲಿ. ಮೇಲಿನ ಅಂಕಿಗಳನ್ನು ನಾನು ನಂಬುವುದೇ ಆ ಸಾಲು ಇರುವುದರಿಂದ. ರ‍್ಯಾಂಕ್ ಸಹಿಯಲ್ಲಿದ್ದರೆ ನನಗೇನೂ ಅನಿಸುವುದಿಲ್ಲ. ವಿಷಯದ ಸಾಲಲ್ಲಿ ಇದ್ದಿದ್ದರೆ ಬೇಡ ಅನ್ನುತ್ತಿದ್ದೆ. ಇನ್ನೊಂದು ಪ್ರಶ್ನೆಗೆ ತಯಾರಾಗಿ ಹೋಗಿ ಸರ್, ಖಂಡಿತ ಕೇಳುತ್ತಾರೆ: ಆ 18 ಸಾವಿರ ಯಾವುದಕ್ಕೆ ಹೋಯಿತು?

ಕೇಳಿದವರು

ಏಳು ಕಿಟಕಿ ಗಾಜು, ಉಳಿದದ್ದು ಗೀಸರ್. ಪಟ್ಟಿಯ ನಕಲು ಹುಡುಕಿ ನೋಡುತ್ತೇನೆ.