ಅಪ್‌ಡೇಟ್: ಮೊಲ್ಲಿ ಮೀನಿನ ಬಿಳಿ ಚುಕ್ಕೆ ಹೋಯ್ತು

ನಾನು ಕೇಳಿದ್ದು: "ಮೊಲ್ಲಿಗಳ ಮೈಮೇಲೆ ರವೆ ಉದುರಿಸಿದಂಗೆ ಬಿಳಿ ಚುಕ್ಕೆ, ಔಷಧಿ ಹಾಕಿದ್ರೂ ವಾಪಸ್ ಬರ್ತಿದೆ, ಏನ್ಮಾಡ್ಲಿ?"

ಈಗ ಎಲ್ಲಾ ಹುಷಾರಾಗಿವೆ. ಕೆಲಸ ಮಾಡಿದ್ದು ನೀವು ಹೇಳಿದ ಕಲ್ಲುಪ್ಪು, ಹೀಟರ್: ಲೀಟರ್‌ಗೆ 3 ಗ್ರಾಂ ಉಪ್ಪು ಕರಗಿಸಿ ನಿಧಾನಕ್ಕೆ ಸೇರಿಸಿ ನೀರು 28 ಡಿಗ್ರಿಗೆ ತಂದೆ, ಬಿಸಿ ನೀರಲ್ಲಿ ಆಕ್ಸಿಜನ್ ಕಮ್ಮಿ ಅಂತ ಏರ್ ಪಂಪೂ ಜೋರು ಮಾಡಿದೆ. ನೀಲಿ ಔಷಧಿ ಒಂದೇ ಡೋಸ್ ಸಾಲ್ಲಿಲ್ಲ, ಯಾಕಂದ್ರೆ ಚುಕ್ಕೆಯೊಳಗಿನ ಪರಾವಲಂಬಿ ಚರ್ಮದ ಪದರದ ಕೆಳಗಿರುತ್ತೆ, ಅಲ್ಲಿಗೆ ಏನೂ ತಾಗಲ್ಲ.

ನಂಗೆ ಆಶ್ಚರ್ಯ ಆಗಿದ್ದು, ಚುಕ್ಕೆ ಮಾಯ ಆದ್ರೆ ವಾಸಿ ಅಂತಲ್ಲ, ಅದು ಉದುರಿ ತಳದ ಜಲ್ಲೀಲಿ ಕೋಶ ಕಟ್ಕೊಂಡು ನೂರಾರು ಮರಿಯಾಗಿ ಈಜ್ತಾ ಹೊರಬರುತ್ತೆ, ಎರಡು ದಿನದೊಳಗೆ ಮೀನು ಸಿಗದಿದ್ರೆ ಹೆಚ್ಚಿನವು ಸಾಯ್ತವೆ, ಉಪ್ಪಿಗೆ ಸಿಕ್ಕಿಬೀಳೋದೂ ಆವಾಗ್ಲೇ. ಬಿಸಿ ಮಾಡೋದು ಆ ಹಂತ ಬೇಗ ಬರ್ಲಿ ಅಂತ. ಹಾಗಾಗಿ ಚುಕ್ಕೆ ಹೋದ್ಮೇಲೂ ಒಂದು ವಾರ ಉಪ್ಪು ನೀರಲ್ಲೇ ಇರ್ಲಿ, ತಳ ಸೈಫನ್ ಮಾಡ್ತಿರಿ. ಕೋರಿಡೋರಸ್ ಮೀನು ಇದ್ರೆ ಮಾತ್ರ ಇಷ್ಟು ಉಪ್ಪು ಬೇಡ.