ಕೊಳಲಿನಲ್ಲಿ ಷಡ್ಜ ನಿಲ್ಲುತ್ತಿಲ್ಲ, ಮೇಲಕ್ಕೆ ಹಾರುತ್ತದೆ

ಹಾಸನದ ಹೊಸಬ: ನನ್ನದು ಕರ್ನಾಟಕ ಸಂಗೀತದ 8 ತೂತಿನ ಕೊಳಲು. ಬೆರಳೆಲ್ಲ ಬಿಟ್ಟು ಊದಿದರೆ ಸದ್ದು ಬರುತ್ತದೆ. ಷಡ್ಜಕ್ಕೆ ಅಂತ ಮೊದಲ ಎರಡು ತೂತು ಮುಚ್ಚಿದರೆ ಬರೀ ಗಾಳಿ ಸದ್ದು, ಇಲ್ಲವೇ ಥಟ್ಟನೆ ಮೇಲಿನ ಷಡ್ಜ. ತಪ್ಪು ಬೆರಳಲ್ಲೋ ತುಟಿಯಲ್ಲೋ?

ಕಡೂರು ತೆಂಗು: ಉಸಿರು ಸಾಲುತ್ತಿಲ್ಲ. ಹೊಟ್ಟೆಯಿಂದ ಜೋರಾಗಿ ಊದಿ. ಅಲ್ಲದೆ ಷಡ್ಜಕ್ಕೆ ಮೂರು ತೂತು ಮುಚ್ಚಬೇಕು, ನಾನು ಹಾಗೇ ನುಡಿಸೋದು.

ಸಕಲೇಶಪುರ ವೇಣು: ಮೂರು ಮುಚ್ಚುವುದು ಹಿಂದೂಸ್ತಾನಿ ಬಾನ್ಸುರಿಯಲ್ಲಿ. ಇವರ ಕೊಳಲಿಗೆ ಎರಡೇ ಸರಿ. ಉಸಿರು ಹೊಟ್ಟೆಯಿಂದ ಬರಬೇಕು ಅನ್ನುವುದು ನಿಜ, ಆದರೆ ಜೋರು ಬೇಡ. ಜೋರು ಮಾಡಿದರೇ ಸ್ವರ ಮೇಲಿನ ಸ್ಥಾಯಿಗೆ ಹಾರುವುದು.

ಹೊಸಬರೇ, ಮೊದಲು ಆ ಎರಡು ತೂತಿಗೆ ಸೆಲ್ಲೋಟೇಪ್ ಗಟ್ಟಿಯಾಗಿ ಅಂಟಿಸಿ ಊದಿ. ಷಡ್ಜ ನಿಂತರೆ ಬೆರಳಿನ ಸಂದಿಯಲ್ಲಿ ಗಾಳಿ ಸೋರುತ್ತಿತ್ತು ಅಂತ ಅರ್ಥ. ಹಾಗೇ ಒಡೆದರೆ ಬೆರಳನ್ನು ಮರೆತುಬಿಡಿ, ತುಟಿ ನೋಡೋಣ.

ಹಾಸನದ ಹೊಸಬ: ಅಂಟಿಸಿದೆ ಸರ್. ಅದೇ ಕಥೆ.

ಸಕಲೇಶಪುರ ವೇಣು: ಹಾಗಾದರೆ ತುಟಿಯೇ. ಕೆಳತುಟಿ ಊದುವ ತೂತಿನ ಮೂರನೇ ಒಂದು ಭಾಗದಷ್ಟು ಮುಚ್ಚಲಿ, ಅದಕ್ಕಿಂತ ಜಾಸ್ತಿ ಬೇಡ. ಗಾಳಿ ತೂತಿನೊಳಗೆ ಸುಮ್ನೆ ಬಿದ್ದರೆ ಆಗದು, ಎದುರಿನ ಅಂಚಿಗೆ ಬಡಿದು ಸೀಳಬೇಕು. ತುಟಿಯ ಸಂದು ಸಣ್ಣದಾಗಿರಲಿ. ಅಗಲವಾದರೆ ಬರೀ ಉಸಿರಿನ ಸದ್ದು ಬರುತ್ತದೆ.

ಸ್ವಲ್ಪ ಹೊತ್ತು ಊದಿ ಕೊಳಲು ಕೆಳಗಿಳಿಸಿ ನೋಡಿ. ಎದುರಿನ ಅಂಚಿನ ಹತ್ತಿರ ಆವಿಯ ಗುರುತು ಇರುತ್ತದೆ. ಅದು ತೂತಿಗೆ ನೇರವಾಗಿದೆಯೋ, ಪಕ್ಕಕ್ಕಿದೆಯೋ?

ಮೂಡಿಗೆರೆ ಕಾಫಿ: ನನ್ನದಂತೂ ಬೆಳಗಿನ ಚಳಿಯಲ್ಲಿ ಶ್ರುತಿಯೇ ಇಳಿದಿರುತ್ತದೆ. ಸ್ವರ ಬಾರದೆ ಇದ್ದದ್ದು ಅದಕ್ಕಾ?

ಸಕಲೇಶಪುರ ವೇಣು: ಅದು ಬೇರೆ ವಿಷಯ ಮೇಡಂ. ಬಿದಿರೊಳಗಿನ ಗಾಳಿ ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ. ತೂತೆಲ್ಲ ಮುಚ್ಚಿ ಒಳಗೆ ಬೆಚ್ಚನೆ ಉಸಿರು ಬಿಟ್ಟು ಶುರು ಮಾಡಿ. ಸ್ವರವೇ ಬಾರದಿದ್ದರೆ ಮಾತ್ರ ತುಟಿ ನೋಡಿ.

ಹಾಸನದ ಹೊಸಬ: ಗುರುತು ಎಡಕ್ಕೆ ಓರೆಯಾಗಿದೆ. ನನ್ನ ಮೇಲ್ತುಟಿಯ ನಡುವೆ ಸಣ್ಣ ತುದಿ ಕೆಳಕ್ಕಿಳಿದಿದೆ, ಅದೇ ಗಾಳಿಗೆ ಅಡ್ಡ ಬರುತ್ತಿದೆ ಅನ್ನಿಸುತ್ತದೆ.

ಸಕಲೇಶಪುರ ವೇಣು: ಅಂಥ ತುಟಿ ಎಷ್ಟೋ ಜನರಿಗೆ ಇರುತ್ತದೆ. ತುಟಿಯನ್ನು ನಡುವೆ ತರಲು ಒದ್ದಾಡಬೇಡಿ. ಗಾಳಿ ಬರುವ ಕಡೆಗೆ ಕೊಳಲನ್ನೇ ಎಳ್ಳಷ್ಟು ಸರಿಸಿ. ಈಗ ಮೆಲ್ಲನೆ ಊದುತ್ತಾ ಕೊಳಲನ್ನು ಚೂರು ಒಳಕ್ಕೆ, ಚೂರು ಹೊರಕ್ಕೆ ಉರುಳಿಸಿ. ಒಳಕ್ಕೆ ಹೋದಂತೆ ಸ್ವರ ತಗ್ಗಿ ಮಂಕಾಗುತ್ತದೆ, ಹೊರಕ್ಕೆ ಬಂದಂತೆ ಗಾಳಿ ಸದ್ದು ಹೆಚ್ಚುತ್ತದೆ. ನಡುವೆ ಸದ್ದು ತುಂಬುವ ಜಾಗ ಸಿಕ್ಕರೆ ಅಲ್ಲೇ ನಿಲ್ಲಿಸಿ.

ಹಾಸನದ ಹೊಸಬ: ಬಂತು! ಮೇಲಕ್ಕೆ ಹಾರುತ್ತಿಲ್ಲ. ಆದರೆ ಉಸಿರು ಮುಗಿಯುತ್ತಾ ಬಂದಾಗ ತಂಬೂರಿ ಆ್ಯಪ್‌ಗಿಂತ ಸ್ವರ ಕೆಳಗಿಳಿಯುತ್ತದೆ.

ಸಕಲೇಶಪುರ ವೇಣು: ಗಾಳಿ ಸಡಿಲವಾಗಿದ್ದಕ್ಕೆ. ಕೊನೆಯಲ್ಲಿ ತುಟಿಯ ಸಂದನ್ನು ಇನ್ನೂ ಕಿರಿದು ಮಾಡಿ, ಉಸಿರು ಪೂರ್ತಿ ಖಾಲಿಯಾಗುವ ಮುಂಚೆ ಸ್ವರ ಬಿಡಿ. ಅದಕ್ಕೂ ಬಗ್ಗದಿದ್ದರೆ ನಿಮ್ಮ ಕೊಳಲನ್ನು ಬೇರೆಯವರ ಕೈಯಲ್ಲಿ ಊದಿಸಿ ನೋಡಬೇಕು.

ಕಡೂರು ತೆಂಗು: ನನ್ನ ಬಾನ್ಸುರಿಗೂ ಟೇಪ್ ಅಂಟಿಸಿ ನೋಡಿದೆ. ಮೂರನೇ ಬೆರಳಲ್ಲಿ ಸೋರುತ್ತಿದೆ.