√10 ಹುಡುಕುವಾಗ ದ್ವಿಪದ ಶ್ರೇಣಿ ಹಳಿ ತಪ್ಪುವುದೇಕೆ?

ವಿದ್ಯಾರ್ಥಿನಿ, ಬದಿಯಡ್ಕ: ಮಾಷ್ಟ್ರೇ, √10 ಬೇಕೆಂದು √(1+9) ಎಂದು ಬರೆದು ಶ್ರೇಣಿಯಲ್ಲಿ x = 9 ಹಾಕಿದೆ. ಮೊತ್ತ ಮೊದಲು 5.5, ಆಮೇಲೆ −4.625, ಮತ್ತೆ 40.9375 ಬಂತು. ತಪ್ಪೆಲ್ಲಿ?

ನಿವೃತ್ತ ಗಣಿತ ಉಪನ್ಯಾಸಕರು: ನಿಮ್ಮ ಲೆಕ್ಕ ಸರಿಯಾಗಿದೆ, ಆರಿಸಿಕೊಂಡ x ಸರಿಯಿಲ್ಲ. √(1+x) = 1 + x/2 − x²/8 + x³/16 − 5x⁴/128 + … ಎಂಬಲ್ಲಿ ಪದಗಳು ಕುಗ್ಗುತ್ತ ಹೋಗಬೇಕು; 9ರ ಘಾತಗಳು ಬೆಳೆಯುವ ವೇಗವನ್ನು ಕೆಳಗಿನ 8, 16 ತಡೆಯಲಾರವು. ಆದ್ದರಿಂದ 10ರ ಸಮೀಪದ ಪೂರ್ಣವರ್ಗವಾದ 9ನ್ನು ಮೊದಲು ಹೊರಗೆ ತೆಗೆದು √10 = 3√(1+1/9) ಎಂದು ಬರೆಯಿರಿ. ಈಗ 1 + 0.055556 − 0.001543 + 0.000086 ಸೇರಿ 1.054098 ಆಗುತ್ತದೆ, ಅದನ್ನು 3ರಿಂದ ಗುಣಿಸಿದರೆ 3.16229. ನಿಜವಾದ ಬೆಲೆ 3.16228. ಚಿಹ್ನೆಗಳು ಒಂದಾದ ಮೇಲೊಂದು ಬದಲಾಗುತ್ತ ಪದಗಳು ಕುಗ್ಗುತ್ತಿರುವುದರಿಂದ, ಬಿಟ್ಟ ಮೊದಲ ಪದಕ್ಕಿಂತ ದೋಷ ದೊಡ್ಡದಾಗದು. ಆ ಪದ ಸುಮಾರು 0.000006, ಮೂರು ಪಟ್ಟು ಮಾಡಿದರೆ 0.000018. ಉತ್ತರ ಎಷ್ಟು ನಂಬಲರ್ಹವೆಂದು ಕ್ಯಾಲ್ಕುಲೇಟರ್ ಇಲ್ಲದೆಯೇ ಹೀಗೆ ತಿಳಿಯುತ್ತದೆ.

ಸದಸ್ಯ, ಮಂಜೇಶ್ವರ: x ಒಂದಕ್ಕಿಂತ ಕಡಿಮೆಯಿದ್ದರೆ ಮಾತ್ರ ಶ್ರೇಣಿ ನಡೆಯುತ್ತದೆ. √2ಕ್ಕೆ x = 1 ಹಾಕುವಂತೆಯೇ ಇಲ್ಲ.

ಸದಸ್ಯೆ, ಕುಂಬಳೆ: ಹಾಕಬಹುದು, ನಾನು ಹಾಕಿ ನೋಡಿದ್ದೇನೆ. ನೀವು ಮಾಡಿ ನೋಡದೆ ಹೇಳುತ್ತಿದ್ದೀರಿ.

ಸದಸ್ಯ, ಮಂಜೇಶ್ವರ: ಐದು ಪದ ಕೂಡಿಸಿದರೂ 1.3984 ಮಾತ್ರ. ಇದನ್ನು ನಡೆಯುವುದೆನ್ನುತ್ತಾರೆಯೇ?

ಉಪನ್ಯಾಸಕರು: ನಡೆಯುತ್ತದೆ, ಆದರೆ ಬಹಳ ನಿಧಾನವಾಗಿ. √2 = (7/5)√(1+1/49) ಎಂದು ಬರೆದರೆ ಮೂರೇ ಪದಗಳಲ್ಲಿ 1.414213 ಸಿಗುತ್ತದೆ. ಇಬ್ಬರೂ ಜಗಳ ಬಿಟ್ಟು ಇದನ್ನು ಮಾಡಿ ನೋಡಿ.

ಸದಸ್ಯ, ಉಪ್ಪಳ: ಫಾರ್ವರ್ಡ್ ಬಂದಿದೆ: ‘ಯಾವುದೇ ವರ್ಗಮೂಲ ಹತ್ತು ಸೆಕೆಂಡಿನಲ್ಲಿ! ಚಿಕ್ಕ ಪೂರ್ಣವರ್ಗ ಕಳೆದು, ಉಳಿದದ್ದನ್ನು ಮೂಲದ ಇಮ್ಮಡಿಯಿಂದ ಭಾಗಿಸಿ ಕೂಡಿಸಿ.’

ಉಪನ್ಯಾಸಕರು: ಇದು ಶ್ರೇಣಿಯ ಮೊದಲ ಎರಡು ಪದ, ಅಷ್ಟೇ. 15ಕ್ಕೆ 9ನ್ನು ಹಿಡಿದರೆ 3 + 6/6 = 4 ಬರುತ್ತದೆ, ಅಂದರೆ 16ರ ಮೂಲವೇ 15ರ ಮೂಲವೆಂದಾಯಿತು! 16ನ್ನು ಹಿಡಿದು 4 − 1/8 ಮಾಡಿದರೆ 3.875, ನಿಜ ಬೆಲೆ 3.873. ಎಲ್ಲಿ ಕೆಡುತ್ತದೆಂದು ಹೇಳದ ಸೂತ್ರವನ್ನು ಮಕ್ಕಳಿಗೆ ಕಳುಹಿಸಬೇಡಿ.

ಮರದ ಕೆಲಸದವರು, ಪೆರ್ಲ: ಹೆಂಚಿನ ಮಾಡಿಗೆ ಅಡ್ಡ 10 ಅಡಿ, ಎತ್ತರ 3 ಅಡಿ ಇದ್ದರೆ ಪಕ್ಕಾಸಿನ ಉದ್ದ 13 ಅಡಿಯೇ?

ಉಪನ್ಯಾಸಕರು: ಅಲ್ಲ. √109 = 10√1.09; x = 0.09. ಮೂರು ಪದಗಳಿಗೆ 10.44 ಅಡಿ. ಗೋಡೆಯಿಂದ ಹೊರಚಾಚುವ ಭಾಗವನ್ನು ಬೇರೆ ಸೇರಿಸಿಕೊಳ್ಳಿ.

ಸದಸ್ಯ, ಉಪ್ಪಳ: ನಮ್ಮ ಫಾರ್ವರ್ಡಿನಲ್ಲಿಯೂ 10.45 ಬರುತ್ತದೆ.

ಉಪನ್ಯಾಸಕರು: ಇಲ್ಲಿ x ಸಣ್ಣದು, ಅದಕ್ಕೆ ಬಂತು. ಮೇಲೆ ಹೇಳಿದ್ದೇನೆ.

ವಿದ್ಯಾರ್ಥಿನಿ, ಬದಿಯಡ್ಕ: √15ಕ್ಕೆ x = −1/16 ಹಾಕಿದರೆ ಮೊದಲ ಪದದ ನಂತರ ಎಲ್ಲವೂ ಋಣ ಚಿಹ್ನೆಯವೇ. ಆಗಲೂ ದೋಷ ಮುಂದಿನ ಪದಕ್ಕಿಂತ ಕಡಿಮೆಯೇ?

ಸದಸ್ಯ, ಮಂಜೇಶ್ವರ: ಹೌದು, ಕಡಿಮೆಯೇ.

ಸದಸ್ಯೆ, ಕುಂಬಳೆ: ಹೇಗಾಗುತ್ತದೆ? ಬಿಟ್ಟ ಪದಗಳೆಲ್ಲ ಒಂದೇ ಕಡೆಗೆ ಸೇರುತ್ತವಲ್ಲ. ಮೊದಲು ಓದಿ, ಆಮೇಲೆ ಬರೆಯಿರಿ.